ಬಾಕಿ ಬಿಲ್ಲಿಗೆ ರಿಮೈಂಡರ್ ಬರೆಯುವುದು ಹೇಗೆ: ಮಾತು ಮೆತ್ತಗೆ, ತಾರೀಖು ಗಟ್ಟಿ

ಬಿಲ್ಲಿನ ಗಡುವು ದಾಟಿದೆ, ಹಣ ಬಂದಿಲ್ಲ. ಸಣ್ಣ ವರ್ಕ್‌ಶಾಪ್ ನಡೆಸುವವರು ಆಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಥರ ಬರೆಯುತ್ತಾರೆ. ಮೊದಲನೆಯದು: "ಸರ್, ತೊಂದರೆ ಕೊಡ್ತಿದ್ದೇನೆ, ಕ್ಷಮಿಸಿ. ನಮ್ಮ ಪೇಮೆಂಟ್ ಸ್ವಲ್ಪ ನೋಡಿ ಸರ್, ಆದಷ್ಟು ಬೇಗ." ಎರಡನೆಯದು: "ಎಷ್ಟು ಸಲ ಹೇಳೋದು? ನೀವು ಇನ್ನೂ ದುಡ್ಡು ಹಾಕಿಲ್ಲ." ಮೊದಲನೆಯದಕ್ಕೆ "ನೋಡ್ತೀನಿ" ಎಂಬ ಉತ್ತರ ಬರುತ್ತದೆ. ಎರಡನೆಯದಕ್ಕೆ ಉತ್ತರವೇ ಬರುವುದಿಲ್ಲ. ಬಂದರೂ ಮುಂದಿನ ಆರ್ಡರ್ ಬೇರೆಯವರ ಪಾಲಾಗುತ್ತದೆ.

ನೋಡುವುದಕ್ಕೆ ಬೇರೆ ಬೇರೆ ಥರ ಇದ್ದರೂ ಎರಡರಲ್ಲಿಯೂ ಒಂದೇ ಕೊರತೆ ಇದೆ. ಯಾವ ಬಿಲ್, ಎಷ್ಟು ಹಣ, ಯಾವತ್ತು ಬರಬೇಕಿತ್ತು, ಈಗ ಯಾವತ್ತಿನೊಳಗೆ ಬೇಕು, ಇದ್ಯಾವುದೂ ಅಲ್ಲಿಲ್ಲ. ಒಂದರಲ್ಲಿ ಬರೀ ವಿನಯ ಇದೆ, ಇನ್ನೊಂದರಲ್ಲಿ ಬರೀ ಸಿಟ್ಟು ಇದೆ. ಓದಿದವರು ಅದನ್ನು ಇಟ್ಟುಕೊಂಡು ಮಾಡುವಂಥ ಕೆಲಸ ಏನೂ ಇಲ್ಲ.

ನಾನು ಹೇಳುವ ದಾರಿ ಇಷ್ಟು. ಮರ್ಯಾದೆಯನ್ನು ವ್ಯಕ್ತಿಗೆ ಕೊಡಿ, ಅಂದರೆ ಅವರನ್ನು ಕರೆಯುವ ರೀತಿಯಲ್ಲಿ, ಕೇಳುವ ರೀತಿಯಲ್ಲಿ ತೋರಿಸಿ. ತುರ್ತನ್ನು ತಾರೀಖು, ಮೊತ್ತ ಮತ್ತು ಒಂದೇ ಒಂದು ನೇರ ಪ್ರಶ್ನೆಯಲ್ಲಿ ಇಡಿ. ಈ ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಟ್ಟರೆ ಒಂದು ಇನ್ನೊಂದನ್ನು ತಿನ್ನುವುದಿಲ್ಲ.

ವಿವರಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಸರು, ನಂಬರು ಎಲ್ಲ ಕಲ್ಪನೆ, ಆದರೆ ಪರಿಸ್ಥಿತಿ ಬೆಂಗಳೂರಿನ ಪೀಣ್ಯದಲ್ಲಿ ದಿನಾ ಕಾಣುವಂಥದ್ದೇ. ಅಲ್ಲಿನ ಒಂದು ಸಣ್ಣ ಸಿಎನ್‌ಸಿ ಶಾಪ್ ಬೊಮ್ಮಸಂದ್ರದ ಒಂದು ಕಂಪನಿಗೆ 250 ಬುಷ್‌ಗಳನ್ನು ಜಾಬ್‌ವರ್ಕ್ ಮಾಡಿಕೊಟ್ಟಿದೆ. ಸರಕು ತಲುಪಿದ್ದು ಜೂನ್ 10ರಂದು, ಬಿಲ್ಲಿನ ತಾರೀಖೂ ಅದೇ. ಪೀಸಿಗೆ 400 ರೂಪಾಯಿಯಂತೆ ಒಂದು ಲಕ್ಷ, ಜಿಎಸ್‌ಟಿ 18,000 ಸೇರಿ ಒಟ್ಟು 1,18,000. ಪರ್ಚೇಸ್ ಆರ್ಡರ್, ಅಂದರೆ ಪಿಒದಲ್ಲಿ, 30 ದಿನದ ಕ್ರೆಡಿಟ್ ಎಂದಿದೆ. ಹಾಗಾಗಿ ಹಣ ಜುಲೈ 10ರೊಳಗೆ ಬರಬೇಕಿತ್ತು, ಬಂದಿಲ್ಲ.

ಬರೆಯುವ ಮೊದಲು: ಬಿಲ್ ಎಲ್ಲಿ ನಿಂತಿದೆ?

ಕಂಪನಿ ದುಡ್ಡು ಕೊಡುತ್ತಿಲ್ಲ ಎಂದು ನಾವು ಹೇಳುತ್ತೇವೆ. ಆದರೆ ಕಂಪನಿಯೊಳಗೆ ಬಿಲ್ ಮೂರು ನಾಲ್ಕು ಮೇಜು ದಾಟಬೇಕು. ಸ್ಟೋರ್ಸ್‌ನವರು ಸರಕು ಎಣಿಸಿ ಜಿಆರ್‌ಎನ್, ಅಂದರೆ ಸರಕು ಬಂದಿದೆ ಎಂಬ ದಾಖಲೆ, ಮಾಡಬೇಕು. ಕ್ವಾಲಿಟಿಯವರು ಪಾಸ್ ಮಾಡಬೇಕು. ಪರ್ಚೇಸ್‌ನವರು ದರ ಸರಿ ಇದೆ ಎನ್ನಬೇಕು. ಆಮೇಲೆ ಅಕೌಂಟ್ಸ್‌ನವರು ಬಿಲ್ ಬುಕ್ ಮಾಡಿ ಪಾವತಿ ಪಟ್ಟಿಗೆ ಸೇರಿಸಬೇಕು. ಇದರಲ್ಲಿ ಯಾವುದೋ ಒಂದು ಮೇಜಿನ ಮೇಲೆ ನಿಮ್ಮ ಬಿಲ್ ನಿಂತಿರುತ್ತದೆ. ನೀವು ಪರ್ಚೇಸ್‌ನವರಿಗೆ ಹತ್ತು ಮೆಸೇಜ್ ಹಾಕಿದರೂ ಬಿಲ್ ಸ್ಟೋರ್ಸ್‌ನಲ್ಲಿ ನಿಂತಿದ್ದರೆ ಪ್ರಯೋಜನವಿಲ್ಲ, ಅಲ್ವಾ?

ಹಾಗಾಗಿ ಮೊದಲು ಒಂದು ಫೋನ್ ಮಾಡಿ. ಹಣ ಕೇಳಲು ಅಲ್ಲ, ವಿಷಯ ತಿಳಿಯಲು. "ಮೇಡಂ, ಬಿಲ್ 214 ನಿಮ್ಮಲ್ಲಿ ಬುಕ್ ಆಗಿದೆಯಾ? ನಿಮ್ಮ ಮುಂದಿನ ಪಾವತಿ ಯಾವ ತಾರೀಖಿಗೆ?" ಈ ಎರಡು ಪ್ರಶ್ನೆ ಸಾಕು. ಎರಡನೆಯದು ತುಂಬಾ ಮುಖ್ಯ. ಎಷ್ಟೋ ಕಂಪನಿಗಳಲ್ಲಿ ಸಪ್ಲೈಯರ್‌ಗಳ ಪಾವತಿ ದಿನಾ ಆಗುವುದಿಲ್ಲ. ತಿಂಗಳಲ್ಲಿ ಗೊತ್ತಾದ ಒಂದೆರಡು ದಿನ ಆಗುತ್ತದೆ. ನಮ್ಮ ಉದಾಹರಣೆಯ ಕಂಪನಿಯಲ್ಲಿ ಅದು 15 ಮತ್ತು 30ನೇ ತಾರೀಖು, ಪಟ್ಟಿ ಎರಡು ದಿನ ಮೊದಲೇ ಮುಚ್ಚುತ್ತದೆ. ನಿಮ್ಮ ರಿಮೈಂಡರ್ 14ಕ್ಕೆ ಹೋದರೆ ಎಷ್ಟು ಚೆನ್ನಾಗಿ ಬರೆದಿದ್ದರೂ 30ರವರೆಗೆ ಕಾಯಬೇಕು. 12ಕ್ಕೆ ಹೋದರೆ ಅದೇ ಮಾತು 15ಕ್ಕೆ ಕೆಲಸ ಮಾಡುತ್ತದೆ.

ನಿಮ್ಮ ಕಡೆಯ ಕಾಗದಗಳನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ. ಬಿಲ್ಲಿನ ಮೇಲೆ ಪಿಒ ನಂಬರ್ ಇದೆಯಾ? ದರ ಪಿಒದಲ್ಲಿ ಇರುವಷ್ಟೇ ಇದೆಯಾ? ಇನ್‌ಸ್ಪೆಕ್ಷನ್ ರಿಪೋರ್ಟ್ ಕೇಳಿದ್ದರೆ ಕಳಿಸಿದ್ದೀರಾ? ಸೀಲ್ ಹಾಕಿಸಿಕೊಂಡ ಚಲನ್ ಫೈಲಿನಲ್ಲಿದೆಯಾ? ನಿಮ್ಮ ಕಡೆ ಒಂದು ಕಾಗದ ಕಮ್ಮಿ ಇದ್ದು, ನೀವು ಖಾರವಾಗಿ ಬರೆದಿದ್ದರೆ ಆಮೇಲೆ ತಲೆ ತಗ್ಗಿಸುವುದು ನೀವೇ.

ಗಡುವನ್ನು ಸರಿಯಾಗಿ ಎಣಿಸಿ

"ಬಹಳ ದಿನ ಆಯ್ತು" ಎಂದು ಬರೆಯುವ ಬದಲು ಎಷ್ಟು ದಿನ ಎಂದು ಹೇಳಲು ಬರಬೇಕು. ನೀವು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾದರೆ ಇದಕ್ಕೆ ಕಾನೂನಿನ ಲೆಕ್ಕವೇ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಕೊಂಡವರು ಬರವಣಿಗೆಯಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ ಎಷ್ಟೇ ಬರೆದುಕೊಂಡಿದ್ದರೂ ಸರಕು ಒಪ್ಪಿಕೊಂಡ ದಿನದಿಂದ 45 ದಿನ ದಾಟುವಂತಿಲ್ಲ. ಪಿಒದಲ್ಲಿ "90 ದಿನ" ಎಂದು ಅಚ್ಚಾಗಿದ್ದರೂ ಲೆಕ್ಕಕ್ಕೆ ಬರುವುದು 45. ಏನೂ ಬರೆದುಕೊಂಡಿಲ್ಲದಿದ್ದರೆ 15 ದಿನ.

ಎಣಿಕೆ ಶುರುವಾಗುವುದು ಸರಕನ್ನು ಒಪ್ಪಿಕೊಂಡ ದಿನದಿಂದ. ತಲುಪಿಸಿದ 15 ದಿನದೊಳಗೆ ಅವರು ಬರವಣಿಗೆಯಲ್ಲಿ ಆಕ್ಷೇಪ ಹೇಳಿಲ್ಲವೆಂದರೆ ತಲುಪಿಸಿದ ದಿನವೇ ಒಪ್ಪಿಕೊಂಡ ದಿನ ಎಂದು ಲೆಕ್ಕ. ನಮ್ಮ ಉದಾಹರಣೆಯಲ್ಲಿ ಜೂನ್ 25ರವರೆಗೆ ಯಾವ ಆಕ್ಷೇಪವೂ ಬರೆದು ಬಂದಿಲ್ಲ. ಆದ್ದರಿಂದ ಜೂನ್ 10 ಒಪ್ಪಿದ ದಿನ, ಜುಲೈ 10 ಗಡುವು. ಈ ಲೆಕ್ಕ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ದನಿ ಏರಿಸುವ ಅಗತ್ಯವೇ ಬರುವುದಿಲ್ಲ. ದನಿ ಏರುವುದು ಹೆಚ್ಚಾಗಿ ಲೆಕ್ಕ ಗೊತ್ತಿಲ್ಲದಾಗ.

ಒಂದು ಮಿತಿ ಹೇಳಿಬಿಡುತ್ತೇನೆ. ಈ ರಕ್ಷಣೆ ಮಧ್ಯಮ ಉದ್ಯಮಗಳಿಗೆ ಇಲ್ಲ. ಸರಕು ತಂದು ಮಾರುವ ವ್ಯಾಪಾರಿಗಳು ಉದ್ಯಮ್‌ನಲ್ಲಿ ನೋಂದಾಯಿಸಿದ್ದರೂ ಅವರಿಗೆ ಅದು ಬ್ಯಾಂಕ್ ಸಾಲದ ಆದ್ಯತೆಗಷ್ಟೇ. ನೋಂದಣಿಯನ್ನು ಸರಕು ಕಳಿಸುವ ಮೊದಲೇ ಮಾಡಿಸಿಕೊಂಡಿರುವುದು ಸುರಕ್ಷಿತ.

ಮೊದಲ ರಿಮೈಂಡರ್

ಇದನ್ನು ಗಡುವು ದಾಟಿದ ಎರಡು ಮೂರು ದಿನದಲ್ಲೇ ಕಳಿಸಿ. ತಡ ಮಾಡುವುದೇ ಮರ್ಯಾದೆ ಎಂದು ಕೆಲವರು ಒಂದು ತಿಂಗಳು ಸುಮ್ನೆ ಇರುತ್ತಾರೆ. ಅಷ್ಟು ದಿನ ಸುಮ್ಮನಿದ್ದವರಿಗೆ ಹಣ ತುರ್ತಾಗಿ ಬೇಕಿಲ್ಲ ಎಂದು ಎದುರಿನವರು ತಿಳಿಯುವುದು ಸಹಜ. ಒಳಗೆ ಸಿಟ್ಟೂ ಬೆಳೆದಿರುತ್ತದೆ, ಅದು ಬರವಣಿಗೆಯಲ್ಲಿ ಇಣುಕುತ್ತದೆ. ಬೇಗ ಬರೆದರೆ ಸಿಟ್ಟಿಲ್ಲದೆ ಬರೆಯಬಹುದು.

ಇ-ಮೇಲ್ ಅಕೌಂಟ್ಸ್‌ನವರಿಗೆ ಹೋಗಲಿ, ಪರ್ಚೇಸ್‌ನವರು ಸಿಸಿಯಲ್ಲಿ ಇರಲಿ. ಅವರ ಮೇಲಧಿಕಾರಿಯನ್ನು ಮೊದಲ ಸಲವೇ ಸೇರಿಸಬೇಡಿ. ಅದು ಚಾಡಿ ಹೇಳಿದ ಹಾಗೆ ಕಾಣುತ್ತದೆ. ಪತ್ರ ಹೀಗಿರಬಹುದು:

> ವಿಷಯ: ಬಿಲ್ 214, ರೂ. 1,18,000, ಗಡುವು ಜುಲೈ 10 – 15ರ ಪಾವತಿ ಪಟ್ಟಿಗೆ ಸೇರಿಸಲು ವಿನಂತಿ
>
> ನಮಸ್ಕಾರ ಮೇಡಂ,
>
> ನಿಮ್ಮ ಪಿಒ 4471ರ 250 ಬುಷ್‌ಗಳನ್ನು ಜೂನ್ 10ರಂದು ತಲುಪಿಸಿದ್ದೆವು. ಅದರ ಬಿಲ್ 214ರ ಹಣ ರೂ. 1,18,000 ಜುಲೈ 10ರೊಳಗೆ ಬರಬೇಕಿತ್ತು. ಇವತ್ತಿನವರೆಗೆ ನಮ್ಮ ಖಾತೆಗೆ ಬಂದಿಲ್ಲ.
>
> ದಯವಿಟ್ಟು ಈ ಬಿಲ್ಲನ್ನು 15ನೇ ತಾರೀಖಿನ ಪಾವತಿ ಪಟ್ಟಿಗೆ ಸೇರಿಸಿ. ಸೇರಿದೆಯೇ ಎಂದು 13ರ ಮಧ್ಯಾಹ್ನದೊಳಗೆ ಒಂದು ಸಾಲು ತಿಳಿಸಿ. ಜೂನ್ ತಿಂಗಳ ಬಿಲ್ಲುಗಳ ಜಿಎಸ್‌ಟಿಯನ್ನು ನಾವು 20ರೊಳಗೆ ಕಟ್ಟಬೇಕು, ಅದಕ್ಕೇ ಈ ತಾರೀಖು ಹೇಳುತ್ತಿದ್ದೇವೆ.
>
> ಬಿಲ್ಲಿನಲ್ಲಿ ಏನಾದರೂ ಸರಿಪಡಿಸಬೇಕಿದ್ದರೆ ಹೇಳಿ, ಇವತ್ತೇ ಮಾಡಿಕೊಡುತ್ತೇವೆ. ಹಣ ಈಗಾಗಲೇ ಹಾಕಿದ್ದರೆ ಯುಟಿಆರ್ ನಂಬರ್ ಕಳಿಸಿ, ನಮ್ಮ ಬ್ಯಾಂಕಿನಲ್ಲಿ ವಿಚಾರಿಸುತ್ತೇವೆ.
>
> ಬಿಲ್ ಮತ್ತು ಸೀಲ್ ಆದ ಚಲನ್ ಜೊತೆಗಿವೆ.

ಇದರಲ್ಲಿ ಎಲ್ಲೂ ಕ್ಷಮೆ ಇಲ್ಲ. ಮಾಡಿದ ಕೆಲಸದ ಹಣ ಕೇಳುವುದಕ್ಕೆ ಕ್ಷಮೆ ಕೇಳಿದರೆ ಕೇಳುವುದೇ ತಪ್ಪು ಎಂಬ ಭಾವನೆಯನ್ನು ನೀವೇ ಕೊಟ್ಟಂತೆ. "ನಮಸ್ಕಾರ", "ಮೇಡಂ", ಒಂದು "ದಯವಿಟ್ಟು", ಬಹುವಚನದ ಕ್ರಿಯಾಪದ, ಇಷ್ಟರಲ್ಲೇ ಬೇಕಾದ ಗೌರವ ಬಂತು. "ದಯವಿಟ್ಟು" ಒಂದೇ ಸಲ ಸಾಕು. ಮೂರು ಸಲ ಬಂದರೆ ಗೋಗರೆದಂತೆ ಕೇಳುತ್ತದೆ.

"ನೀವು ಹಣ ಹಾಕಿಲ್ಲ" ಎಂದು ಬರೆಯದೆ "ಹಣ ನಮ್ಮ ಖಾತೆಗೆ ಬಂದಿಲ್ಲ" ಎಂದಿರುವುದನ್ನು ಗಮನಿಸಿ. ವಿಷಯ ಅದೇ. ಮೊದಲ ವಾಕ್ಯ ಆ ಮೇಡಂ ಮೇಲೆ ಬೆರಳು ತೋರಿಸುತ್ತದೆ. ಎರಡನೆಯದು ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳುತ್ತದೆ. ಬಿಲ್ ನಿಲ್ಲಿಸಿದ್ದು ಅವರೇ ಎಂದು ನಿಮಗೆ ಗೊತ್ತಿಲ್ಲ. ಕಾರಣವನ್ನು ಊಹಿಸಿ ಬರೆಯುವುದನ್ನೂ ನಾನು ಒಪ್ಪುವುದಿಲ್ಲ. "ಮರೆತಿರಬಹುದು" ಎನ್ನುವುದು ಮೆತ್ತಗಿನ ಮಾತೆಂದು ಅನ್ನಿಸುತ್ತದೆ. ಆದರೆ ಮರೆಯದೆ ಪಟ್ಟಿಗೆ ಹಾಕಿ ಸಹಿಗೆ ಕಾಯುತ್ತಿರುವವರಿಗೆ ಅದು ಚುಚ್ಚುತ್ತದೆ. "ಹಾಕಿದ್ದರೆ ಯುಟಿಆರ್, ಅಂದರೆ ಬ್ಯಾಂಕ್ ವರ್ಗಾವಣೆಯ ಗುರುತಿನ ನಂಬರ್, ಕಳಿಸಿ" ಎನ್ನುವ ಸಾಲು ಅದಕ್ಕಿಂತ ಒಳ್ಳೆಯದು. ತಪ್ಪು ನಮ್ಮ ಕಡೆಯೂ ಇರಬಹುದೆಂದು ಅದು ಒಪ್ಪುತ್ತದೆ, ಅವರು ಏನು ಕಳಿಸಬೇಕೆಂದೂ ಹೇಳುತ್ತದೆ.

ತುರ್ತು ಎಲ್ಲಿದೆ? ತಾರೀಖುಗಳಲ್ಲಿದೆ. 10ಕ್ಕೆ ಬರಬೇಕಿತ್ತು, 13ಕ್ಕೆ ಉತ್ತರ, 15ಕ್ಕೆ ಪಾವತಿ, 20ಕ್ಕೆ ನಮ್ಮ ತೆರಿಗೆ. ಓದುವವರ ಕಣ್ಣು ಅದರಲ್ಲೇ ನಡೆಯುತ್ತದೆ. "ಅರ್ಜೆಂಟ್" ಎಂಬ ಮಾತನ್ನು ವಿಷಯದ ಸಾಲಿನಲ್ಲಿ ಹಾಕಬೇಕಿಲ್ಲ. ದಿನಾ ಬರುವ ಇ-ಮೇಲ್‌ಗಳಲ್ಲಿ ಅರ್ಧಕ್ಕೆ ಆ ಹಣೆಪಟ್ಟಿ ಇರುತ್ತದೆ, ಯಾರೂ ನಂಬುವುದಿಲ್ಲ. "ಆದಷ್ಟು ಬೇಗ" ಎನ್ನುವುದನ್ನು ನಾನು ಪೂರ್ತಿ ಬಿಟ್ಟುಬಿಡಿ ಎನ್ನುತ್ತೇನೆ. ಪಾವತಿ ಮಾಡುವವರಿಗೆ 30 ಕೂಡ "ಆದಷ್ಟು ಬೇಗ"ವೇ. "ಸ್ವಲ್ಪ" ಎಂಬುದು ನಮ್ಮ ಮಾತಿಗೆ ಬೇಕಾದ ಪದವೇ, ಆದರೆ ಅದನ್ನು ಕೇಳಿಕೆಯ ಜೊತೆ ಮಾತ್ರ ಇಡಿ. "ಪಟ್ಟಿ ಸ್ವಲ್ಪ ನೋಡಿ ಹೇಳಿ" ಎನ್ನಬಹುದು. "ಸ್ವಲ್ಪ ಹಣ ಬಾಕಿ ಇದೆ", "15ರ ಆಸುಪಾಸು" ಎಂದು ಬರೆದರೆ ಮೊತ್ತವೂ ತಾರೀಖೂ ಸಡಿಲವಾಯಿತು.

ಪ್ರಶ್ನೆಯ ರೂಪವೂ ಮುಖ್ಯ. "ಯಾವಾಗ ಆಗುತ್ತೆ ಮೇಡಂ?" ಎಂದರೆ ಅವರ ಕೈಯಲ್ಲಿ ಉತ್ತರ ಇಲ್ಲ, ಹಾಗಾಗಿ "ಹೇಳ್ತೀನಿ" ಎನ್ನುತ್ತಾರೆ. "15ರ ಪಟ್ಟಿಯಲ್ಲಿ ಇದೆಯಾ?" ಎಂದರೆ ಪಟ್ಟಿ ತೆರೆದು ನೋಡಬೇಕು, ಹೌದು ಅಥವಾ ಇಲ್ಲ ಎನ್ನಬೇಕು. ಹೀಗೆ ಉತ್ತರಿಸಲು ಸುಲಭವಾದ ಪ್ರಶ್ನೆ ಕೇಳುವುದೂ ಒಂದು ಸೌಜನ್ಯವೇ.

ಕಾರಣ ಹೇಳುವಾಗ ನಿಜವಾದದ್ದನ್ನು, ಚಿಕ್ಕದಾಗಿ ಹೇಳಿ. ಗಿರಾಕಿಯಿಂದ ಹಣ ಬರಲಿ ಬಿಡಲಿ, ಬಿಲ್ ಮಾಡಿದವರು ಜಿಎಸ್‌ಟಿ ಕಟ್ಟಲೇಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಅದು ಮುಂದಿನ ತಿಂಗಳ 20. ನಮ್ಮ ಶಾಪ್ ಇನ್ನೂ ಕೈಗೆ ಬಾರದ ಹಣದ ಮೇಲೆ 18,000 ಕಟ್ಟಬೇಕಾಗಿದೆ. ಅಕೌಂಟ್ಸ್‌ನಲ್ಲಿ ಕೂತವರಿಗೆ ಇದು ಒಂದೇ ಸಾಲಿನಲ್ಲಿ ಅರ್ಥವಾಗುತ್ತದೆ, ಅವರೂ ಅದೇ 20ರ ಒತ್ತಡದಲ್ಲಿ ಇರುತ್ತಾರೆ. ಅದರ ಬದಲು ಮನೆಯ ಕಷ್ಟ, ಸಾಲ, ಆಸ್ಪತ್ರೆ ಎಂದು ಪ್ಯಾರಾ ಬರೆದರೆ ಓದುವವರಿಗೆ ಮುಜುಗರವಾಗುತ್ತದೆ, ಉತ್ತರ ಮುಂದೆ ಹೋಗುತ್ತದೆ. ಇಲ್ಲದ ತುರ್ತನ್ನು ಕಟ್ಟಿ ಹೇಳುವುದಂತೂ ಬೇಡವೇ ಬೇಡ. ಮುಂದಿನ ಸಲ ನಿಜ ಹೇಳಿದರೂ ನಂಬುವುದಿಲ್ಲ.

ಇ-ಮೇಲ್ ಇಂಗ್ಲಿಷಿನಲ್ಲೇ ಹೋಗಬೇಕಾದ ಕಡೆಯೂ ಇದೇ ಕಟ್ಟು ಇರಲಿ: ಏನು ಬಾಕಿ, ಏನು ಮಾಡಬೇಕು ಮತ್ತು ಯಾವತ್ತಿಗೆ, ಯಾಕೆ, ತೊಡಕಿದ್ದರೆ ನಾವೇನು ಮಾಡುತ್ತೇವೆ.

ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಸಾಕು: "ನಮಸ್ಕಾರ ಮೇಡಂ. ಬಿಲ್ 214ರ ಬಗ್ಗೆ ಈಗ ಇ-ಮೇಲ್ ಕಳಿಸಿದ್ದೇನೆ. 15ರ ಪಟ್ಟಿಯಲ್ಲಿ ಇದೆಯಾ ನೋಡಿ ಹೇಳಿ." ವಾಯ್ಸ್ ನೋಟ್ ಬೇಡ. ಹತ್ತು ಜನರಿರುವ ಗ್ರೂಪಿನಲ್ಲಂತೂ ಬೇಡ, ಅಲ್ಲಿ ಕೇಳಿದರೆ ಎಷ್ಟು ಮೆತ್ತಗೆ ಕೇಳಿದರೂ ಅವಮಾನವೇ.

"ಪ್ರೊಸೆಸ್‌ನಲ್ಲಿದೆ" ಎಂದರೆ

ಎಲ್ಲರೂ ಕೇಳಿರುವ ಉತ್ತರ ಇದು. ಸುಳ್ಳೇ ಇರಬೇಕೆಂದಿಲ್ಲ, ಆದರೆ ಇದರಿಂದ ನಿಮಗೆ ಏನೂ ತಿಳಿಯಲಿಲ್ಲ. ಇಲ್ಲಿ ಮುನಿಸಿಕೊಳ್ಳದೆ ಒಂದು ಹೆಜ್ಜೆ ಒಳಗೆ ಹೋಗಿ: "ಸರಿ ಮೇಡಂ. ಜಿಆರ್‌ಎನ್ ಆಗಿದೆಯಾ, ಅಥವಾ ಬುಕ್ ಆಗಿ ಅಪ್ರೂವಲ್‌ಗೆ ಹೋಗಿದೆಯಾ?" ಬಿಲ್ ಬುಕ್ ಆಗಿದ್ದರೆ ಅವರ ಸಿಸ್ಟಮ್‌ನಲ್ಲಿ ಒಂದು ವೋಚರ್ ನಂಬರ್ ಇರುತ್ತದೆ, ಕೇಳಿದರೆ ಹೇಳಬಲ್ಲರು. ಅದು ಸಿಗಲಿಲ್ಲ, ಮಾತು ಸುತ್ತುತ್ತಿದೆ ಎಂದರೆ ಬಿಲ್ ಇನ್ನೂ ಅಕೌಂಟ್ಸ್ ಮುಟ್ಟಿಲ್ಲ ಎಂದೇ ತಿಳಿಯಿರಿ.

ನಮ್ಮ ಉದಾಹರಣೆಯಲ್ಲಿ ಹೀಗೆ ಕೇಳಿದ್ದಕ್ಕೆ ವಿಷಯ ಹೊರಬಂತು. ಜಿಆರ್‌ಎನ್ ಆಗಿರುವುದು 248ಕ್ಕೆ. ಎರಡು ಬುಷ್‌ಗಳ ಒಳವ್ಯಾಸ ಹೆಚ್ಚಾಗಿದೆಯೆಂದು ಕ್ವಾಲಿಟಿಯವರು ಪಕ್ಕಕ್ಕಿಟ್ಟಿದ್ದಾರೆ. ನಿಮಗೆ ಯಾರೂ ಹೇಳಿಲ್ಲ. ಬಿಲ್ಲಿನ ಸಂಖ್ಯೆಗೂ ಜಿಆರ್‌ಎನ್ ಸಂಖ್ಯೆಗೂ ಹೊಂದದ್ದರಿಂದ ಸಿಸ್ಟಮ್ ಇಡೀ ಬಿಲ್ಲನ್ನೇ ನಿಲ್ಲಿಸಿದೆ.

ಒಂದು ತಿಂಗಳು ಮೊದಲೇ ಹೇಳಬಾರದಿತ್ತಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದನ್ನು ಈ ಪತ್ರದಲ್ಲಿ ಹೇಳಬೇಡಿ. ಹಣ ಬಂದ ಮೇಲೆ, ಮುಂದಿನ ಲಾಟ್ ಮಾತಾಡುವಾಗ ಹೇಳಿ: "ರಿಜೆಕ್ಷನ್ ಇದ್ದರೆ ವಾರದೊಳಗೆ ಇ-ಮೇಲ್ ಮಾಡಿ." ಈಗ ಬೇಕಿರುವುದು ಜಗಳವಿಲ್ಲದ ಭಾಗವನ್ನು ಬಿಡಿಸಿಕೊಳ್ಳುವುದು. ಎರಡು ಪೀಸಿಗೆ 800, ಅದರ ಜಿಎಸ್‌ಟಿ 144, ಒಟ್ಟು 944 ರೂಪಾಯಿ. ಅದಕ್ಕಾಗಿ 1,17,056 ರೂಪಾಯಿ ಕೂತಿದೆ.

> ಮೇಡಂ, ಈಗ ಫೋನಿನಲ್ಲಿ ತಿಳಿಸಿದ್ದಕ್ಕೆ ಧನ್ಯವಾದ. ನೀವು ಹೇಳಿದಂತೆ 248 ಪೀಸ್ ಪಾಸ್ ಆಗಿವೆ, 2 ಪೀಸ್ ಪರಿಶೀಲನೆಯಲ್ಲಿವೆ. ಆ 2 ಪೀಸಿಗೆ ರೂ. 944ರ ಕ್ರೆಡಿಟ್ ನೋಟನ್ನು ಇದರ ಜೊತೆ ಕಳಿಸಿದ್ದೇವೆ. ಉಳಿದ ರೂ. 1,17,056 ಅನ್ನು 15ರ ಪಟ್ಟಿಗೆ ಸೇರಿಸಿ. ನಾಳೆ ಮಧ್ಯಾಹ್ನ 12ಕ್ಕೆ ಒಮ್ಮೆ ಫೋನ್ ಮಾಡುತ್ತೇನೆ.

ಫೋನಿನಲ್ಲಿ ಆಡಿದ ಮಾತನ್ನು ಹೀಗೆ ಅದೇ ದಿನ ಬರೆದು ಕಳಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. "ನೀವು ಹೇಳಿದಂತೆ" ಎನ್ನುವುದು ಗೌರವದ ಮಾತು. ಜೊತೆಗೆ ಅವರು ಹೇಳಿದ್ದು ದಾಖಲೆಗೂ ಬಂತು. ಕೊನೆಯ ಸಾಲು ಬೆದರಿಕೆಯಲ್ಲ, ಆದರೆ ನಾಳೆ 12ಕ್ಕೆ ಫೋನ್ ಬರುತ್ತದೆಂದು ಅವರಿಗೆ ಗೊತ್ತು. ಹಾಗೆ ಬರೆದ ಮೇಲೆ 12ಕ್ಕೆ ಮಾಡಲೇಬೇಕು. ನೀವೇ ನಿಮ್ಮ ಚಿಕ್ಕ ಗಡುವನ್ನು ತಪ್ಪಿಸಿದರೆ ಅವರ ಗಡುವಿನ ಬಗ್ಗೆ ಮಾತಾಡುವುದು ಕಷ್ಟ.

ಎರಡನೇ ರಿಮೈಂಡರ್: ದನಿ ಅದೇ, ಕೇಳಿಕೆ ಕಿರಿದು

15 ಕಳೆಯಿತು. ಹಣ ಬರಲಿಲ್ಲ. ಈಗ ಹೆಚ್ಚಿನವರು ಮೊದಲ ಇ-ಮೇಲನ್ನೇ ಮತ್ತೆ ಕಳಿಸಿ ಮೇಲೆ "ಜೆಂಟಲ್ ರಿಮೈಂಡರ್" ಎಂದು ಸೇರಿಸುತ್ತಾರೆ. ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಎರಡನೆಯ ಪತ್ರದಲ್ಲಿ ಮೂರು ಬದಲಾವಣೆ ಬೇಕು: ಹಿಂದೆ ಒಪ್ಪಿದ್ದು ಏನು ಎಂಬುದು ಒಂದು ಸಾಲಿನಲ್ಲಿ, ಖಚಿತ ತಾರೀಖಿನ ಬೇಡಿಕೆ, ಮುಂದೆ ಯಾರ ಗಮನಕ್ಕೆ ಹೋಗುತ್ತದೆ ಎಂಬ ಸೂಚನೆ. ಅದೇ ಇ-ಮೇಲಿನ ಕೆಳಗೆ ಉತ್ತರವಾಗಿ ಬರೆಯಿರಿ, ಹಳೆಯದೆಲ್ಲ ಜೊತೆಗೇ ಇರುತ್ತದೆ.

> ನಮಸ್ಕಾರ ಮೇಡಂ,
>
> ಬಿಲ್ 214ರ ರೂ. 1,17,056 ಜುಲೈ 15ರ ಪಾವತಿಯಲ್ಲಿ ಬರುತ್ತದೆಂದು 13ರಂದು ತಿಳಿಸಿದ್ದಿರಿ. ಇವತ್ತು 16, ಹಣ ಬಂದಿಲ್ಲ. ಗಡುವು ದಾಟಿ 6 ದಿನವಾಗಿದೆ.
>
> 20ರೊಳಗೆ ಬೇರೆಯಾಗಿ ಪಾವತಿಸಲು ಸಾಧ್ಯವೇ? ಇಲ್ಲವಾದರೆ ಯಾವ ತಾರೀಖು ಎಂದು ನಾಳೆ ಸಂಜೆಯೊಳಗೆ ಬರೆದು ತಿಳಿಸಿ. ಇದಕ್ಕೆ ಮೇಲಿನವರ ಒಪ್ಪಿಗೆ ಬೇಕಿದ್ದರೆ ನಾನೇ ನಿಮ್ಮ ಫೈನಾನ್ಸ್ ಮ್ಯಾನೇಜರ್ ಅವರಿಗೆ ಬರೆಯಬಹುದೇ? ಅವರ ಇ-ಮೇಲ್ ಕೊಟ್ಟರೆ ನಿಮ್ಮನ್ನೂ ಸೇರಿಸಿ ಬರೆಯುತ್ತೇನೆ.

ಕೊನೆಯ ಸಾಲುಗಳನ್ನು ನಾನು ತುಂಬಾ ನಂಬುತ್ತೇನೆ. ಅಕೌಂಟ್ಸ್‌ನ ಆ ಹುಡುಗಿಗೆ ಪಾವತಿ ಬಿಡುವ ಅಧಿಕಾರ ಇಲ್ಲದಿರಬಹುದು. ಹೇಳದೆ ಕೇಳದೆ ಮ್ಯಾನೇಜರ್‌ಗೆ ಬರೆದರೆ ಅವಳು ಬೈಸಿಕೊಳ್ಳುತ್ತಾಳೆ, ಮುಂದೆ ನಿಮ್ಮ ಫೋನ್ ಎತ್ತುವುದಿಲ್ಲ. ಅನುಮತಿ ಕೇಳಿದರೆ ಅವಳ ಕೈಗೂ ಒಂದು ದಾರಿ ಸಿಗುತ್ತದೆ. ಎಷ್ಟೋ ಸಲ ಆ ಇ-ಮೇಲನ್ನೇ ಮ್ಯಾನೇಜರ್‌ಗೆ ತೋರಿಸಿ ಸಹಿ ಮಾಡಿಸಿಕೊಳ್ಳುತ್ತಾಳೆ.

ಮುಂದಿನ ಲಾಟ್ ನಿಲ್ಲಿಸುವ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ. "ಹಳೆಯ ಬಾಕಿ ಬಂದ ಮೇಲೆ ಆಗಸ್ಟ್ 5ರ ಲಾಟ್ ಕಳಿಸುತ್ತೇವೆ" ಎಂದು ಜುಲೈನಲ್ಲಿ ಬರೆದರೆ ಅದು ಷರತ್ತು. ಆಗಸ್ಟ್ 5ರ ಬೆಳಗ್ಗೆ, ಅವರ ಲೈನ್ ನಿಲ್ಲುವ ಹೊತ್ತಿಗೆ ಹೇಳಿದರೆ ಅದು ಕತ್ತು ಹಿಡಿದಂತೆ. ಹಣ ಬಂದರೂ ನಂಟು ಹೋಗುತ್ತದೆ.

ಕಾನೂನಿನ ಮಾತು ಯಾವಾಗ, ಹೇಗೆ

ಮೊದಲ ರಿಮೈಂಡರ್‌ನಲ್ಲೇ ಸೆಕ್ಷನ್ ನಂಬರ್ ಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎರಡು ಪೀಸಿನ ವ್ಯತ್ಯಾಸಕ್ಕೆ ನಿಂತ ಬಿಲ್ಲಿಗೆ ಕಾಯ್ದೆ ತೋರಿಸಿದರೆ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ಮೊದಲಿಂದಲೇ ಅಚ್ಚು ಹಾಕಿಸುವುದು. ಲೆಕ್ಕ ಗೊತ್ತಿರುವವರಿಗೆ ಅಷ್ಟೇ ಸಾಕು. ನೀವು ಏನೂ ಹೇಳದೆಯೇ ಅದು ತನ್ನ ಕೆಲಸ ಮಾಡುತ್ತದೆ.

ಎರಡು ರಿಮೈಂಡರ್ ಆಯಿತು, ಬರೆದುಕೊಟ್ಟ ತಾರೀಖೂ ತಪ್ಪಿತು ಎಂದಾಗ ಲೆಟರ್‌ಹೆಡ್‌ನಲ್ಲಿ ಮೂರನೆಯ ಪತ್ರ ಬರೆಯಿರಿ. ಇ-ಮೇಲ್ ಜೊತೆ ಸ್ಪೀಡ್ ಪೋಸ್ಟ್‌ನಲ್ಲೂ ಹೋಗಲಿ. ಇಲ್ಲೂ ಬೈಗುಳ ಬೇಡ, ಹೊಗಳಿಕೆಯೂ ಬೇಡ. ಎಂಎಸ್‌ಎಂಇಡಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಗಡುವಿನ ಮಾರನೆಯ ದಿನದಿಂದ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ, ಲೆಕ್ಕ ತಿಂಗಳಿಗೊಮ್ಮೆ. ದರ ಆಗಾಗ ಬದಲಾಗುವುದರಿಂದ ಬರೆಯುವ ದಿನದ ದರವನ್ನು ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಲೆಕ್ಕ ತಿಳಿಯಲು ಬ್ಯಾಂಕ್ ದರ 6 ಇದೆ ಎಂದುಕೊಂಡರೆ ಬಡ್ಡಿ ವರ್ಷಕ್ಕೆ 18, ತಿಂಗಳಿಗೆ ಒಂದೂವರೆ. 1,17,056ಕ್ಕೆ ಮೊದಲ ತಿಂಗಳು ಸುಮಾರು 1,756 ರೂಪಾಯಿ. ಪತ್ರದಲ್ಲಿ ಇಷ್ಟೇ ಬರೆಯಿರಿ:

> ಕಾಯ್ದೆಯ ಪ್ರಕಾರ ಈ ಬಾಕಿಗೆ ಜುಲೈ 11ರಿಂದ ಬಡ್ಡಿ ಸೇರುತ್ತಿದೆ, ಲೆಕ್ಕ ಜೊತೆಗಿದೆ. ಆಗಸ್ಟ್ 20ರೊಳಗೆ ಅಸಲು ರೂ. 1,17,056 ಬಂದರೆ ಈ ಬಡ್ಡಿಯನ್ನು ನಾವು ಕೇಳುವುದಿಲ್ಲ. ಅಷ್ಟರೊಳಗೆ ಬರದಿದ್ದರೆ ಎಂಎಸ್‌ಎಂಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ ಮೊದಲು ನಿಮ್ಮೊಂದಿಗೆ ಕೂತು ಮಾತಾಡಿ ಮುಗಿಸಲು ನಮಗೆ ಇಷ್ಟ.

ಬಡ್ಡಿ ಬಿಡುವ ಮಾತು ನಿಮಗೆ ನಿಜವಾಗಿ ಒಪ್ಪಿಗೆಯಿದ್ದರೆ ಮಾತ್ರ ಬರೆಯಿರಿ. ಕೌನ್ಸಿಲ್ ಎಂದು ಬರೆದರೆ 21ರಂದು ಅರ್ಜಿ ಹಾಕಲು ಸಿದ್ಧರಿರಬೇಕು. ಪಿಒ, ಬಿಲ್, ಚಲನ್, ಈ ಎಲ್ಲ ಪತ್ರಗಳು ಅಲ್ಲಿ ಬೇಕಾಗುತ್ತವೆ. ಈ ಕೌನ್ಸಿಲ್ ಇಂಥ ಬಾಕಿಗಳ ದೂರು ಕೇಳುವ ರಾಜ್ಯದ ಸಮಿತಿ. ಕೌನ್ಸಿಲ್ ಮೊದಲು ರಾಜಿಗೆ ಕರೆಯುತ್ತದೆ, ಆಗದಿದ್ದರೆ ಮಧ್ಯಸ್ಥಿಕೆಗೆ ಹೋಗುತ್ತದೆ. ಅಲ್ಲಿ ನಿಮ್ಮ ಸಭ್ಯ ಪತ್ರಗಳು ತಾರೀಖಿನ ಸಮೇತ ಒಂದರ ಹಿಂದೆ ಒಂದು ಇದ್ದರೆ ಕತೆ ತಾನೇ ಹೇಳುತ್ತದೆ.

ವರ್ಷದ ಕೊನೆ ಹತ್ತಿರವಿದ್ದರೆ ಇನ್ನೂ ಮೆತ್ತಗಿನ ಒಂದು ದಾರಿ ಇದೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಮೇಲೆ ಹೇಳಿದ ಗಡುವಿನಲ್ಲಿ ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚೆಂದು ತೋರಿಸಬಹುದು. ಅಂದರೆ ಗಡುವು ದಾಟಿದ ಬಾಕಿಯನ್ನು ಮಾರ್ಚ್ 31ರೊಳಗೆ ತೀರಿಸದಿದ್ದರೆ ಆ ವರ್ಷ ಗಿರಾಕಿಯ ತೆರಿಗೆ ಜಾಸ್ತಿಯಾಗುತ್ತದೆ. ಹಾಗೆಯೇ ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಅವರು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ ಹಿಂದಿರುಗಿಸಬೇಕು. ಇವನ್ನು ಬೆದರಿಕೆಯಾಗಿ ಹೇಳಬೇಕಿಲ್ಲ. "ನಿಮ್ಮ ಕಡೆಯ ತೆರಿಗೆ ಲೆಕ್ಕಕ್ಕೂ ಇದು ಮಾರ್ಚ್ 31ರೊಳಗೆ ಮುಗಿದರೆ ಒಳ್ಳೆಯದು" ಎಂದರೆ ಅವರ ಆಡಿಟರ್ ಉಳಿದದ್ದನ್ನು ಹೇಳುತ್ತಾರೆ.

ಬರೇ ರಿಮೈಂಡರ್ ಕಳಿಸುತ್ತಾ ಕೂತರೆ ಕೋರ್ಟಿಗೆ ಹೋಗುವ ಅವಧಿ ಬೆಳೆಯುವುದಿಲ್ಲ ಎಂಬುದನ್ನೂ ನೆನಪಿಡಿ. ಇಂಥ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿಯೊಳಗೆ ಬಾಕಿ ಇದೆ ಎಂದು ಅವರು ಬರೆದು ಸಹಿ ಮಾಡಿ ಒಪ್ಪಿದರೆ ಆ ದಿನದಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅದಕ್ಕೇ ಪ್ರತಿ ವರ್ಷ ಮಾರ್ಚ್ 31ರ ಲೆಕ್ಕಕ್ಕೆ ಬ್ಯಾಲೆನ್ಸ್ ಕನ್ಫರ್ಮೇಷನ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಎಲ್ಲ ಗಿರಾಕಿಗಳಿಗೂ ಒಂದೇ ಥರ ಕಳಿಸಿದರೆ ಯಾರಿಗೂ ಅನುಮಾನದಂತೆ ಕಾಣುವುದಿಲ್ಲ.

ಹಣ ಬಂದ ದಿನ

ಖಾತೆಗೆ 1,17,056ರ ಬದಲು 1,16,064 ಬಂದಿದ್ದರೆ ಗಾಬರಿಯಾಗಿ "ಕಮ್ಮಿ ಹಾಕಿದ್ದೀರಿ" ಎಂದು ಬರೆಯಬೇಡಿ. ಜಾಬ್‌ವರ್ಕ್‌ಗೆ ಟಿಡಿಎಸ್ ಹಿಡಿಯುತ್ತಾರೆ. ನಿಮ್ಮದು ಪ್ರೊಪ್ರೈಟರಿ ಸಂಸ್ಥೆಯಾದರೆ ಶೇಕಡ 1, ಅಂದರೆ ಜಿಎಸ್‌ಟಿ ಬಿಟ್ಟು 99,200ಕ್ಕೆ 992 ರೂಪಾಯಿ. ಲೆಕ್ಕ ಅಲ್ಲಿಗೆ ಸರಿಹೋಯಿತು. ಅದೇ ದಿನ ಒಂದು ಸಾಲು ಕಳಿಸಿ, ಅದೇ ಇ-ಮೇಲಿನ ಕೆಳಗೆ:

> ಮೇಡಂ, ಬಿಲ್ 214ಕ್ಕೆ ರೂ. 1,16,064 ಇವತ್ತು ಬಂತು, ಟಿಡಿಎಸ್ ರೂ. 992 ಸೇರಿ ಬಿಲ್ ಪೂರ್ತಿ ತೀರಿತು. ಹಿಂದೆ ಬಿದ್ದು ಮಾಡಿಸಿಕೊಟ್ಟಿದ್ದಕ್ಕೆ ಧನ್ಯವಾದ. ಜೂನ್ 28ರ ಬಿಲ್ 221ರ ಗಡುವು ಜುಲೈ 28. ಅದರ ಜಿಆರ್‌ಎನ್ ಆಗಿದೆಯಾ ಎಂದು ಸ್ಟೋರ್ಸ್‌ನವರನ್ನು ಇವತ್ತೇ ಕೇಳುತ್ತೇನೆ.